ಕಿವಿಯಿಂದ ಓದುವವರಿಗೂ ತಲುಪುವ ಸಂದೇಶ

ಪರದೇಶದ ಕನ್ನಡ ಕೂಟಗಳ ಸುದ್ದಿ ಹಿಂದೆ ಅಂಚೆಯ ಮೂಲಕ ಮನೆಗೆ ಬರುತ್ತಿತ್ತು. ಕೈಬರಹದ ಪತ್ರವನ್ನೋ ಬೆರಳಚ್ಚಿನ ಹಾಳೆಯನ್ನೋ ಮಡಿಸಿ, ಅಂಚೆಚೀಟಿ ಅಂಟಿಸಿ ಕಳುಹಿಸುತ್ತಿದ್ದ ಕಾರ್ಯದರ್ಶಿಗಳನ್ನು ನಮ್ಮಲ್ಲಿ ಹಲವರು ಬಲ್ಲರು. ಇಂದು ಅದೇ ಕೆಲಸವನ್ನು ಫೋನಿನ ವಾಟ್ಸ್‌ಆ್ಯಪ್ ಗುಂಪು ಮಾಡುತ್ತಿದೆ. ಯುಗಾದಿಯ ಊಟ, ನಾಟಕದ ತಾಲೀಮು, ಹೊಸದಾಗಿ ಬಂದ ಸಂಸಾರಕ್ಕೆ ಬೇಕಾದ ಬಾಡಿಗೆ ಮನೆ, ಹಿರಿಯರೊಬ್ಬರ ನಿಧನ, ಎಲ್ಲವೂ ಅಲ್ಲಿಯೇ ತಿಳಿಯಬೇಕು. ಆ ಗುಂಪಿನಲ್ಲಿ ತಿಳಿಯದಿದ್ದರೆ ಬೇರೆಲ್ಲಿಯೂ ತಿಳಿಯುವುದಿಲ್ಲ.

ನನ್ನ ಎರಡೂ ಕಣ್ಣುಗಳಲ್ಲಿ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಸವೆದಿದೆ. ಅಂಚಿನ ನೋಟ ಉಳಿದಿರುವುದರಿಂದ ಯಾರ ಕೈಯನ್ನೂ ಹಿಡಿಯದೆ ನಡೆದಾಡಬಲ್ಲೆ. ಆದರೆ ನೇರವಾಗಿ ದಿಟ್ಟಿಸಿದ್ದೇ ಮಾಯವಾಗುತ್ತದೆ: ಎದುರಿಗಿರುವವರ ಮುಖ, ಪುಟದ ಮೇಲಿನ ಅಕ್ಷರ. ದೊಡ್ಡ ಅಕ್ಷರಗಳನ್ನು ಒಂದಿಷ್ಟು ಹೊತ್ತು ಓದುತ್ತೇನೆ. ಕಣ್ಣು ದಣಿದ ಮೇಲೆ ಫೋನೇ ನನಗೆ ಓದಿ ಹೇಳುತ್ತದೆ. ಹೀಗೆ ಅರ್ಧ ಕಣ್ಣಿನಿಂದಲೂ ಅರ್ಧ ಕಿವಿಯಿಂದಲೂ ನಮ್ಮ ಕೂಟದ ಸಂದೇಶಗಳನ್ನು ಓದುತ್ತ ಬಂದಿರುವವರಲ್ಲಿ ನಾನೊಬ್ಬ. ಯಾವ ಸಂದೇಶ ನಮ್ಮಂಥವರಿಗೆ ತಲುಪುತ್ತದೆ, ಯಾವುದು ದಾರಿಯಲ್ಲೇ ಉಳಿಯುತ್ತದೆ, ಏಕೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಫೋನು ಓದುವ ಬಗೆ

ಪರದೆಯ ಮೇಲಿರುವುದನ್ನು ದನಿಯಾಗಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆ್ಯಂಡ್ರಾಯ್ಡ್ ಫೋನಿನಲ್ಲಿರುವುದರ ಹೆಸರು ಟಾಕ್‌ಬ್ಯಾಕ್, ಐಫೋನಿನಲ್ಲಿರುವುದು ವಾಯ್ಸ್‌ಓವರ್. ಎರಡರಲ್ಲೂ ಕನ್ನಡ ಓದುವ ಧ್ವನಿ ಉಂಟು. ಬೆರಳನ್ನು ಪರದೆಯ ಮೇಲೆ ಬಲಕ್ಕೆ ಸರಿಸಿದರೆ ಮುಂದಿನ ಸಂದೇಶಕ್ಕೆ ಹೋಗುತ್ತದೆ. ಕಳುಹಿಸಿದವರ ಹೆಸರು, ಸಂದೇಶ, ಬಂದ ಸಮಯ ಇವನ್ನು ಒಂದೇ ಓಟದಲ್ಲಿ ಹೇಳುತ್ತದೆ.

ಕಣ್ಣಿಗೂ ಕಿವಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಕಣ್ಣು ಒಂದು ಸಂದೇಶದ ಮೇಲೆ ಹಾಗೆ ಹಾದುಹೋಗಿ ಬೇಕಾದ ತಾರೀಖನ್ನು ಹೆಕ್ಕಿಕೊಳ್ಳುತ್ತದೆ. ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಮೊದಲ ಪದದಿಂದ ಸಾಲಾಗಿ ಕೇಳಬೇಕು. ನಡುವೆ ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ. ಆದುದರಿಂದ ಸಂದೇಶದ ತಿರುಳು ಮೊದಲ ಸಾಲಿನಲ್ಲಿಯೇ ಇರಬೇಕು. ಆರು ಸಾಲಿನ ಶುಭಾಶಯದ ನಂತರ ಏಳನೆಯ ಸಾಲಿನಲ್ಲಿ “ಕಾರ್ಯಕ್ರಮ ಮುಂದೂಡಲಾಗಿದೆ” ಎಂದು ಬಂದರೆ, ಕಣ್ಣಿದ್ದವರು ಅದನ್ನು ಮೊದಲು ಕಾಣುತ್ತಾರೆ, ನಾವು ಕೊನೆಗೆ ಕೇಳುತ್ತೇವೆ.

ಮಾತಾಡದ ಭಿತ್ತಿಪತ್ರ

ನಮ್ಮ ಗುಂಪುಗಳಲ್ಲಿ ಅತಿ ಸಾಮಾನ್ಯವಾದ ತೊಡಕು ಚಿತ್ರರೂಪದ ಆಹ್ವಾನ. ರಾಜ್ಯೋತ್ಸವ ಬಂದಿತೆಂದು ಇಟ್ಟುಕೊಳ್ಳಿ. ಉತ್ಸಾಹಿ ತರುಣರೊಬ್ಬರು ಭುವನೇಶ್ವರಿಯ ಚಿತ್ರ, ಹಳದಿ ಕೆಂಪಿನ ಹಿನ್ನೆಲೆ, ಬಳ್ಳಿಬಳ್ಳಿಯಾದ ಅಕ್ಷರಗಳಿಂದ ಸೊಗಸಾದ ಭಿತ್ತಿಪತ್ರವನ್ನು ರಚಿಸಿ, “ಎಲ್ಲರೂ ತಪ್ಪದೆ ಬನ್ನಿ” ಎಂಬ ಒಂದು ಸಾಲಿನೊಡನೆ ಗುಂಪಿಗೆ ಹಾಕುತ್ತಾರೆ. ನನ್ನ ಫೋನು ಹೇಳುವುದು ಇಷ್ಟೇ: ಕಳುಹಿಸಿದವರ ಹೆಸರು, “ಫೋಟೋ”, “ಎಲ್ಲರೂ ತಪ್ಪದೆ ಬನ್ನಿ”. ಎಲ್ಲಿಗೆ, ಯಾವಾಗ ಎಂಬುದು ಚಿತ್ರದೊಳಗೆ ಸೆರೆಯಾಗಿದೆ. ಕಣ್ಣಿಗೆ ಅಕ್ಷರವಾಗಿ ಕಂಡದ್ದು ಫೋನಿಗೆ ಬಣ್ಣದ ಚುಕ್ಕೆಗಳ ರಾಶಿ ಮಾತ್ರ.

ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ ಓದುವ ಸೌಲಭ್ಯ ಕೆಲವು ಫೋನುಗಳಲ್ಲಿ ಇದೆಯೆಂಬುದು ನಿಜ. ಆದರೆ ಅಲಂಕಾರದ ಕನ್ನಡ ಅಕ್ಷರ, ಒತ್ತಕ್ಷರ, ಚಿತ್ರದ ಮೇಲೆಯೇ ಹಾಯ್ದ ಬರಹ ಇವುಗಳ ಮುಂದೆ ಅದು ಮುಗ್ಗರಿಸುತ್ತದೆ. ವೇಳೆಯೋ ಮನೆಯ ಸಂಖ್ಯೆಯೋ ತಪ್ಪಾಗಿ ಕೇಳಿದರೆ, ಏನೂ ಕೇಳದಿರುವುದಕ್ಕಿಂತ ಹೆಚ್ಚು ತೊಂದರೆ.

ಪರಿಹಾರ ಸುಲಭ. ಚಿತ್ರವನ್ನು ಕಳುಹಿಸುವಾಗ ಅದರ ಕೆಳಗೆ ಬರೆಯಲು ಜಾಗವಿರುತ್ತದೆಯಷ್ಟೆ, ಅದೇ ಅಡಿಬರಹ. ಭಿತ್ತಿಪತ್ರದಲ್ಲಿರುವ ಮಾಹಿತಿಯೆಲ್ಲವೂ ಅಲ್ಲಿ ಬರಲಿ. ಮೇಲಿನ ಆಹ್ವಾನವನ್ನೇ ಹೀಗೆ ಬರೆಯಬಹುದು:

“ಕನ್ನಡ ರಾಜ್ಯೋತ್ಸವ: ನವೆಂಬರ್ 7, ಶನಿವಾರ, ಮಧ್ಯಾಹ್ನ 3 ಗಂಟೆಗೆ, ಹೈಸ್ಕೂಲಿನ ದೊಡ್ಡ ಸಭಾಂಗಣದಲ್ಲಿ. ಮೊದಲು ಮಕ್ಕಳ ಹಾಡು, ನಂತರ ನಾಟಕ, 7 ಗಂಟೆಗೆ ಊಟ. ಸದಸ್ಯರಿಗೆ ಪ್ರವೇಶ ಉಚಿತ; ಅತಿಥಿಗಳಿಗೆ ತಲಾ 15 ಡಾಲರ್. ಕಾರು ನಿಲ್ಲಿಸುವ ಜಾಗ ಕಟ್ಟಡದ ಹಿಂದೆ. ಅಲ್ಲಿಂದ ಒಳಬರುವ ಬಾಗಿಲಿಗೆ ಮೆಟ್ಟಿಲುಗಳಿಲ್ಲ. ಬರುವವರು ಅಕ್ಟೋಬರ್ 31ರೊಳಗೆ ಕಾರ್ಯದರ್ಶಿಯವರಿಗೆ ತಿಳಿಸಿರಿ. ಚಿತ್ರದಲ್ಲಿ: ಭುವನೇಶ್ವರಿ ದೇವಿ, ಹಿಂದೆ ಹಳದಿ ಕೆಂಪು ಬಾವುಟ.”

ಇಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಒಂದು, ಏನು, ಎಂದು, ಎಲ್ಲಿ ಎಂಬುದು ಮೊದಲ ವಾಕ್ಯದಲ್ಲೇ ಮುಗಿದಿದೆ. ಚಿತ್ರದ ಅಲಂಕಾರದ ಮಾತು ಕೊನೆಗೆ ಬಂದಿದೆ. ಎರಡು, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದಿದೆ. `11/7` ಎಂದು ಬರೆದಿದ್ದರೆ ಅಮೆರಿಕದಲ್ಲಿ ಬೆಳೆದ ಮಗಳು ನವೆಂಬರ್ 7 ಎಂದೂ, ಊರಿನಿಂದ ಬಂದಿರುವ ತಂದೆ ಜುಲೈ 11 ಎಂದೂ ತಿಳಿಯುತ್ತಾರೆ. ಧ್ವನಿಯಂತೂ “ಹನ್ನೊಂದು ಸ್ಲ್ಯಾಶ್ ಏಳು” ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಮೂರು, “ಬೆ.”, “ಮ.”, “ಗಂ.” ಎಂಬ ಸಂಕ್ಷೇಪಗಳಿಲ್ಲ. ಮುದ್ರಿತ ಆಮಂತ್ರಣದಲ್ಲಿ ಅವು ಸಲ್ಲುತ್ತವೆ. ದನಿಯಲ್ಲಿ “ಬೆ ಹತ್ತು ಗಂ” ಎಂದು ಕೇಳಿಸಿದರೆ ಅರ್ಥವಾಗುವ ಹೊತ್ತಿಗೆ ಮುಂದಿನ ವಾಕ್ಯ ಬಂದುಬಿಟ್ಟಿರುತ್ತದೆ.

ಜಾಲತಾಣದ ಕೊಂಡಿ ಇದ್ದರೆ ಅದು ಯಾವುದಕ್ಕೆ ಎಂದು ಮೊದಲು ಹೇಳಿ, ಕೊಂಡಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬೇರೆ ಸಾಲಿನಲ್ಲಿ ಇಡುವುದು ಲೇಸು. ಉದ್ದನೆಯ ಕೊಂಡಿಯ ಒಂದೊಂದು ಅಕ್ಷರವನ್ನೂ ಚಿಹ್ನೆಯನ್ನೂ ಕೇಳಿ ಮುಗಿಸುವವರೆಗೆ ಅದರ ಹಿಂದಿನ ಮಾತು ಮರೆತುಹೋಗುತ್ತದೆ.

ಮನೆ ಮೇನ್ ಆದ ಕಥೆ

ಪರದೇಶದ ಕನ್ನಡಿಗರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದು ಹಳೆಯ ರೂಢಿ. ಕನ್ನಡ ಟೈಪು ಮಾಡಲು ಬಾರದ ದಿನಗಳಲ್ಲಿ ಅದೊಂದು ಅನುಕೂಲವೇ ಆಗಿತ್ತು. ಓದುಗನ ಕಣ್ಣು ಸಂದರ್ಭ ನೋಡಿ `bele` ಎಂಬುದನ್ನು ಬೆಲೆಯೆಂದೋ ಬೆಳೆಯೆಂದೋ ಬೇಳೆಯೆಂದೋ ತಿದ್ದಿಕೊಳ್ಳುತ್ತದೆ. ಸ್ಕ್ರೀನ್ ರೀಡರ್ ತಿದ್ದಿಕೊಳ್ಳುವುದಿಲ್ಲ. ಇಂಗ್ಲಿಷ್ ಲಿಪಿ ಕಂಡೊಡನೆ ಇಂಗ್ಲಿಷಿನ ಧ್ವನಿಯಲ್ಲಿ, ಇಂಗ್ಲಿಷಿನ ಉಚ್ಚಾರಣೆಯ ನಿಯಮದಂತೆ ಓದುತ್ತದೆ. `mane` ಎಂದು ಬರೆದರೆ ಅದು ‘ಮೇನ್’, ಅಂದರೆ ಕುದುರೆಯ ಕೇಸರ. `kale` ಎಂದರೆ ‘ಕೇಲ್’, ಅಂಗಡಿಯಲ್ಲಿ ಸಿಕ್ಕುವ ಸೊಪ್ಪು. “ನಮ್ಮ ಮನೆಯಲ್ಲಿ ಕಲೆಯ ಪ್ರದರ್ಶನ” ಎಂಬ ಆಹ್ವಾನ ಯಾವ ರೂಪದಲ್ಲಿ ಕಿವಿಗೆ ಬೀಳುತ್ತದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಕನ್ನಡವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕನ್ನಡದ ಧ್ವನಿಯೇ ಅದನ್ನು ಓದುತ್ತದೆ. ಫೋನಿನ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಬಗೆಯೂ ಇದೆ, ಬಾಯಿಂದ ಹೇಳಿ ಬರೆಸುವ ಬಗೆಯೂ ಇದೆ. ಕನ್ನಡ ಲಿಪಿ ಬಾರದ ಎರಡನೆಯ ಪೀಳಿಗೆಯವರು ಸ್ವಚ್ಛವಾದ ಇಂಗ್ಲಿಷಿನಲ್ಲಿಯೇ ಬರೆಯಲಿ. ಇಂಗ್ಲಿಷ್ ಬಲ್ಲವರಿಗೆ ಅದು ನೇರವಾಗಿ ತಲುಪುತ್ತದೆ. ಬಾರದವರಿಗೆ ಮನೆಯವರು ತಿಳಿಸಿ ಹೇಳಬಹುದು. ನಡುವಿನದು ಮಾತ್ರ ಯಾವ ಕಿವಿಗೂ ಸಲ್ಲುವುದಿಲ್ಲ.

ಇದೇ ಜಾತಿಯ ಇನ್ನೊಂದು ಕಷ್ಟ ಹಳೆಯ ಫಾಂಟುಗಳದು. ಬರಹ, ನುಡಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪಿಡಿಎಫ್ ಕಡತಗಳು ಕಣ್ಣಿಗೆ ಅಚ್ಚಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಪರೀಕ್ಷಿಸುವ ಉಪಾಯ ಇಷ್ಟೇ: ಕಡತದ ಒಂದು ಸಾಲನ್ನು ನಕಲು ಮಾಡಿ ಸಂದೇಶದಲ್ಲಿ ಅಂಟಿಸಿ ನೋಡಿ. ಕನ್ನಡವೇ ಬಂದರೆ ಫೋನು ಓದಬಲ್ಲದು. ಗೋಜಲು ಬಂದರೆ ಕೇಳುವವನಿಗೂ ಗೋಜಲೇ. ಸಾಲನ್ನು ಆಯ್ದುಕೊಳ್ಳಲೇ ಆಗದಿದ್ದರೆ ಅದು ಬರಿಯ ಪುಟದ ಚಿತ್ರ. ಅಂಥ ಕಡತದ ಜೊತೆಗೆ ಮುಖ್ಯಾಂಶಗಳನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಬೇಕಾಗುತ್ತದೆ.

ಹೂವು, ನಕ್ಷತ್ರ, ಅಲಂಕಾರ

ಎಮೋಜಿಗಳನ್ನು ಸ್ಕ್ರೀನ್ ರೀಡರ್ ನೋಡಿ ನಗುವುದಿಲ್ಲ. ಹೆಸರು ಹಿಡಿದು ಕೂಗುತ್ತದೆ. ಹುಟ್ಟುಹಬ್ಬದ ಸಂದೇಶದ ಮೊದಲಲ್ಲಿ ಹೂವು, ಕೇಕು, ಪಟಾಕಿಗಳ ಸಾಲಿದ್ದರೆ ಅವೆಲ್ಲವುಗಳ ಹೆಸರು ಮುಗಿದ ಮೇಲೆಯೇ ಯಾರ ಹುಟ್ಟುಹಬ್ಬವೆಂದು ತಿಳಿಯುವುದು. ಎಮೋಜಿ ಬೇಡವೆಂದಲ್ಲ. ಒಂದೆರಡು ಸಾಕು, ವಾಕ್ಯದ ಕೊನೆಯಲ್ಲಿರಲಿ, ಪದದ ಬದಲಿಗೆ ಬಾರದಿರಲಿ. ಸಂದೇಶದ ಮೇಲೂ ಕೆಳಗೂ ಗೆರೆಯಂತೆ ಎಳೆಯುವ ಸಮಚಿಹ್ನೆ, ನಕ್ಷತ್ರಗಳ ಸಾಲುಗಳಿಗೂ ಇದೇ ಮಾತು. ಅವುಗಳ ಬದಲು ಒಂದು ಖಾಲಿ ಸಾಲು ಬಿಟ್ಟರೆ ಕಣ್ಣಿಗೂ ಹಿತ.

ಇಂಗ್ಲಿಷ್ ಶೀರ್ಷಿಕೆಗಳಿಗೆ ‘ಸ್ಟೈಲಿಷ್’ ಅಕ್ಷರ ಒದಗಿಸುವ ಆ್ಯಪುಗಳನ್ನು ಕೆಲವರು ಬಳಸುತ್ತಾರೆ. ಅವು ಸಾಮಾನ್ಯ ಅಕ್ಷರಗಳಲ್ಲ. ಗಣಿತಶಾಸ್ತ್ರಕ್ಕೆಂದು ಯೂನಿಕೋಡಿನಲ್ಲಿ ಕಾದಿರಿಸಿದ ಚಿಹ್ನೆಗಳು. ಸ್ಕ್ರೀನ್ ರೀಡರ್ ಅವನ್ನು “ಮ್ಯಾಥಮ್ಯಾಟಿಕಲ್ ಬೋಲ್ಡ್ ಕ್ಯಾಪಿಟಲ್ ಕೆ” ಎಂದು ಒಂದೊಂದಾಗಿ ಓದಬಹುದು, ಇಲ್ಲವೇ ಸುಮ್ಮನೆ ಹಾರಿಸಿಬಿಡಬಹುದು. ಹಾರಿಸಿದಾಗ ಅಲ್ಲೊಂದು ಶೀರ್ಷಿಕೆ ಇತ್ತೆಂಬುದೇ ಕೇಳುವವನಿಗೆ ಗೊತ್ತಾಗುವುದಿಲ್ಲ. ದಪ್ಪ ಅಕ್ಷರ ಬೇಕಾದರೆ ವಾಟ್ಸ್‌ಆ್ಯಪಿನದೇ ಉಪಾಯವಿದೆ. ಪದಗಳ ಹಿಂದೆ ಮುಂದೆ, ಜಾಗ ಬಿಡದೆ, ಒಂದೊಂದು ನಕ್ಷತ್ರಚಿಹ್ನೆ:

```
*ನವೆಂಬರ್ 7, ಶನಿವಾರ*
```

ಕಳುಹಿಸಿದ ಮೇಲೆ ಪದಗಳು ದಪ್ಪವಾಗುತ್ತವೆ. ಅಕ್ಷರ ಮಾತ್ರ ಅದೇ ಉಳಿಯುತ್ತದೆ.

ಅಲಂಕಾರಕ್ಕಿಂತಲೂ ದೀರ್ಘವಾದ ಪರೀಕ್ಷೆ ನಮ್ಮ ಊಟದ ಪಟ್ಟಿಯದು. ಒಬ್ಬರು “1. ಚಿತ್ರಾನ್ನ” ಎಂದು ಹೆಸರು ಬರೆಯುತ್ತಾರೆ, ಮುಂದಿನವರು ಅದನ್ನು ನಕಲು ಮಾಡಿ “2. ಕೋಸಂಬರಿ” ಸೇರಿಸುತ್ತಾರೆ, ಹೀಗೆ ಇಪ್ಪತ್ತು ಮನೆಗಳು ಇಪ್ಪತ್ತು ಪಟ್ಟಿಗಳನ್ನು ಹಾಕುವ ಹೊತ್ತಿಗೆ ಚಿತ್ರಾನ್ನವನ್ನು ಇಪ್ಪತ್ತು ಸಲ, ಕೋಸಂಬರಿಯನ್ನು ಹತ್ತೊಂಬತ್ತು ಸಲ ಕೇಳಿರುತ್ತೇವೆ. ನಮ್ಮ ಕೂಟದಲ್ಲಿ ಈಗ ಪ್ರತಿಯೊಬ್ಬರೂ ತಮ್ಮ ಒಂದು ಸಾಲನ್ನಷ್ಟೇ ಬರೆಯುತ್ತಾರೆ. ಅಡಿಗೆಯ ಉಸ್ತುವಾರಿ ಹೊತ್ತವರು ರಾತ್ರಿ ಒಮ್ಮೆ ಪೂರ್ಣ ಪಟ್ಟಿಯನ್ನು ಪ್ರಕಟಿಸುತ್ತಾರೆ. ಕಣ್ಣಿದ್ದವರೂ ಇದರಿಂದ ಸುಖವಾಗಿದ್ದಾರೆ.

ಚಿತ್ರವನ್ನು ಮಾತಾಗಿಸುವುದು

ನಮ್ಮ ಗುಂಪಿನಲ್ಲಿ ಪೂರ್ಣ ದೃಷ್ಟಿಹೀನರಾದ ಹಿರಿಯರೊಬ್ಬರಿದ್ದಾರೆ. ಒಂದು ಸಂಜೆ ಗುಂಪಿಗೆ ಒಂದು ಚಿತ್ರ ಬಂತು. ಅಡಿಬರಹವಿರಲಿಲ್ಲ. ಅದರ ಹಿಂದೆಯೇ ಮೂವತ್ತು ನಲವತ್ತು ಮಂದಿಯಿಂದ ಕೈಮುಗಿದ ಎಮೋಜಿಗಳು ಬಂದವು. ಕೈಮುಗಿಯುವುದು ಶುಭೋದಯಕ್ಕೂ ಉಂಟು, ದೇವರ ಚಿತ್ರಕ್ಕೂ ಉಂಟು, ಶೋಕಕ್ಕೂ ಉಂಟು. ಯಾವುದೋ ದೇವರ ಪಟವಿರಬೇಕೆಂದು ಅವರು ಮುಂದೆ ಸಾಗಿದರು. ಮರುದಿನ ಬೆಳಿಗ್ಗೆ, ನಾಟಕದ ಮಾತೊಂದನ್ನು ಚರ್ಚಿಸಲು, ಮೂವತ್ತು ವರ್ಷದ ಗೆಳೆಯರಿಗೆ ಫೋನು ಮಾಡಿದರು. ಎತ್ತಿಕೊಂಡವರು ಆ ಗೆಳೆಯರ ಮಗಳು. “ಅಂಕಲ್, ನಿಮಗೆ ಗೊತ್ತಾಗಲಿಲ್ಲವೆ?” ಎಂದರಂತೆ. ಹಿಂದಿನ ದಿನ ಬಂದಿದ್ದುದು ಹಾರ ಹಾಕಿದ ಭಾವಚಿತ್ರ. ಅದರ ಕೆಳಗೆ, ಚಿತ್ರದೊಳಗೇ, ಹೆಸರೂ ಅಂತ್ಯಕ್ರಿಯೆಯ ವೇಳೆಯೂ ಇದ್ದುವು. ಅವರು ಫೋನು ಮಾಡುವ ಹೊತ್ತಿಗೆ ಆ ವೇಳೆ ಮೀರಿತ್ತು.

“ನಮ್ಮ ಕೂಟದ ಇಂಥವರು ನಿನ್ನೆ ರಾತ್ರಿ ತೀರಿಕೊಂಡರು. ಅಂತಿಮ ದರ್ಶನ ಇಂಥ ಸ್ಥಳದಲ್ಲಿ, ಇಂಥ ಹೊತ್ತಿಗೆ” ಎಂಬ ಎರಡು ವಾಕ್ಯ ಅಲ್ಲಿ ಬೇಕಾಗಿತ್ತು. ಚಿತ್ರಕ್ಕೆ ವಿವರಣೆ ಎಂದರೆ ಹೀಗೆ: ನೋಡುವವನು ಆ ಚಿತ್ರದಿಂದ ಏನನ್ನು ತಿಳಿಯುತ್ತಾನೋ ಅದನ್ನು ಹೇಳುವುದು.

ಆದುದರಿಂದ ಬರೆಯುವ ಮುನ್ನ ಕೇಳಿಕೊಳ್ಳಬೇಕಾದದ್ದು, ಈ ಚಿತ್ರವನ್ನು ನಾನೇಕೆ ಕಳುಹಿಸುತ್ತಿದ್ದೇನೆ ಎಂದು. ಉತ್ತರವೇ ವಿವರಣೆಯ ಮೊದಲ ಮಾತು. ಸಭಾಂಗಣಕ್ಕೆ ದಾರಿ ತೋರುವ ನಕ್ಷೆಯಾದರೆ ರಸ್ತೆಗಳ ಬಣ್ಣ ಬೇಡ. “ಮುಖ್ಯದ್ವಾರದಿಂದ ಒಳಬಂದು ಎಡಕ್ಕೆ ತಿರುಗಿ, ಮೂರನೆಯ ಬಾಗಿಲು” ಎಂಬುದು ಬೇಕು. ಮಕ್ಕಳ ನೃತ್ಯದ ಫೋಟೋ ಆದರೆ “ಎಂಥ ಸಂಭ್ರಮ!” ಎಂಬ ಉದ್ಗಾರದಿಂದ ನನಗೇನೂ ದೊರೆಯದು; ಅದು ನೋಡಿದವರ ಸಂಭ್ರಮ. ಹೀಗೆ ಬರೆದರೆ ನಾನೂ ನೋಡಬಲ್ಲೆ: “ವೇದಿಕೆಯ ಮೇಲೆ ಎಂಟು ಮಕ್ಕಳ ಡೊಳ್ಳು ಕುಣಿತ. ಎಲ್ಲರ ಕೋಲೂ ಒಟ್ಟಿಗೆ ಮೇಲೆದ್ದಿದೆ. ಎಡತುದಿಯ ಪುಟ್ಟ ಹುಡುಗ ಡೊಳ್ಳಿನ ಹಿಂದೆ ಮರೆಯಾಗಿದ್ದಾನೆ. ಕಾಣುವುದು ಕಣ್ಣು ಮತ್ತು ರುಮಾಲು ಮಾತ್ರ.”

ನಾಲ್ಕು ವಾಕ್ಯ ಸಾಕಾಯಿತು. ಫೋಟೋ ಎಂದು ಫೋನೇ ಹೇಳುವುದರಿಂದ “ಈ ಫೋಟೋದಲ್ಲಿ” ಎಂದು ತೊಡಗಬೇಕಾಗಿಲ್ಲ. ಹಲವರು ನಿಂತಿರುವ ಚಿತ್ರದಲ್ಲಿ ಹೆಸರುಗಳನ್ನು ಎಡದಿಂದ ಬಲಕ್ಕೆ ಕೊಡಬೇಕು. ಪತ್ರಿಕೆಗಳು ಬಹುಕಾಲದಿಂದ ಪಾಲಿಸಿದ ಪದ್ಧತಿ ಇದು. ಕಂಡದ್ದನ್ನು ಹೇಳಿ, ಕಾಣದ್ದನ್ನು ಊಹಿಸದಿರುವುದು ಒಳ್ಳೆಯದು.

ವನಭೋಜನದ ಐವತ್ತು ಚಿತ್ರಗಳು ಒಟ್ಟಿಗೆ ಬಂದಾಗ ಒಂದೊಂದಕ್ಕೂ ಬರೆಯಲು ಯಾರಿಗೂ ಪುರುಸೊತ್ತಿಲ್ಲ. ನಾವು ಅದನ್ನು ಬಯಸುವುದೂ ಇಲ್ಲ. “ಮುಂದಿನವು ಭಾನುವಾರದ ವನಭೋಜನದ ಚಿತ್ರಗಳು: ಹಗ್ಗಜಗ್ಗಾಟ, ಲಗೋರಿ, ಊಟದ ಪಂಕ್ತಿ” ಎಂಬ ಒಂದು ಮುನ್ನುಡಿ ಸಾಕು. ಅವುಗಳಲ್ಲಿ ನಿಮಗೆ ಮೆಚ್ಚಿಗೆಯಾದ ಎರಡಕ್ಕೆ ವಿವರಣೆ ಬರೆದರೆ ಅದು ನಮಗೆ ಹಬ್ಬ.

“ಧ್ವನಿಸಂದೇಶ ಕಳುಹಿಸಿದರೆ ಆಗದೆ?” ಎಂದು ಕೆಲವರು ಕೇಳುತ್ತಾರೆ. ಹರಟೆಗೆ, ಹಾಡಿಗೆ ಅದು ಬಲು ಚೆನ್ನ. ಆದರೆ ವಿಳಾಸ, ವೇಳೆ, ದೂರವಾಣಿ ಸಂಖ್ಯೆಗಳನ್ನು ಅದರಲ್ಲಿ ಮರಳಿ ಹುಡುಕುವುದು ಕಷ್ಟ. ಕಿವಿ ಮಂದವಾದ ಹಿರಿಯರಿಗಂತೂ ಅದು ಇನ್ನೊಂದು ಮೌನ. ಬರೆದ ಮಾತನ್ನಾದರೆ ಒಬ್ಬರು ಕೇಳಬಹುದು, ಒಬ್ಬರು ಹಿಗ್ಗಿಸಿ ಓದಬಹುದು, ಬ್ರೈಲ್ ಸಾಧನವಿರುವವರು ಬೆರಳಿನಿಂದ ಮುಟ್ಟಿ ಓದಬಹುದು.

ಹಳದಿ, ಕೆಂಪು ಮತ್ತು ಕಪ್ಪು

ಸ್ಕ್ರೀನ್ ರೀಡರ್ ಬಳಸದೆ ಅಕ್ಷರ ದೊಡ್ಡದು ಮಾಡಿ ಓದುವವರೇ ಕೂಟಗಳಲ್ಲಿ ಹೆಚ್ಚು. ಬರೆದ ಸಂದೇಶವನ್ನು ಎಷ್ಟು ಹಿಗ್ಗಿಸಿದರೂ ಸಾಲುಗಳು ಪರದೆಯ ಅಗಲಕ್ಕೆ ತಾವೇ ಮಡಚಿಕೊಳ್ಳುತ್ತವೆ. ಚಿತ್ರ ಮಡಚಿಕೊಳ್ಳದು; ಹಿಗ್ಗಿಸಿದಷ್ಟೂ ಎಡಬಲಕ್ಕೆ ಎಳೆಯುತ್ತಿರಬೇಕು, ಸಾಲು ತಪ್ಪುತ್ತಿರಬೇಕು. ಅದರಲ್ಲಿಯೂ ಕನ್ನಡದ ಒತ್ತಕ್ಷರ ಚಿಕ್ಕದು. ದ ಧ, ಪ ಷ ಇವುಗಳ ಅಂತರ ಒಂದು ಸಣ್ಣ ಗೀಟಿನದು.

ಬಣ್ಣದ ವಿಷಯದಲ್ಲಿ ನಮ್ಮ ಪ್ರೀತಿಯ ಬಾವುಟವೇ ನಮಗೊಂದು ಪರೀಕ್ಷೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಅಳೆಯುವ ಒಂದು ಅನುಪಾತ ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಬರೆದರೆ ಆ ಅನುಪಾತ ಸುಮಾರು 3.7. ಅಂದರೆ ದೊಡ್ಡ ಶೀರ್ಷಿಕೆಗೆ ಸಲ್ಲುತ್ತದೆ, ಕೆಳಗಿನ ಸಣ್ಣ ವಿಳಾಸಕ್ಕೆ ಸಲ್ಲದು. ಹಳದಿಯ ಮೇಲೆ ಬಿಳಿ ಬರೆದರೆ ಸುಮಾರು 1.1, ಬಹುತೇಕ ಕಾಣುವುದೇ ಇಲ್ಲ. ಅದೇ ಹಳದಿಯ ಮೇಲೆ ಕಪ್ಪು ಬರೆದರೆ 19ಕ್ಕೂ ಮಿಗಿಲು. ಬಾವುಟದ ಬಣ್ಣ ಹಾಗೆಯೇ ಇರಲಿ. ಹೆಸರನ್ನು ಕೆಂಪಿನಲ್ಲಿ ದೊಡ್ಡದಾಗಿ ಬರೆದು, ಸ್ಥಳ, ವೇಳೆಗಳನ್ನು ಹಳದಿಯ ಪಟ್ಟಿಯ ಮೇಲೆ ಕಪ್ಪಿನಲ್ಲಿ ಬರೆದರೆ ನನ್ನ ಕಣ್ಣೂ ಒಂದಿಷ್ಟು ಹಿಡಿದುಕೊಳ್ಳುತ್ತದೆ.

ಕಳುಹಿಸುವ ಮುನ್ನ

ಸಂದೇಶ ತಲುಪುವುದೋ ಇಲ್ಲವೋ ಎಂದು ತಿಳಿಯಲು ಯಾವ ಉಪಕರಣವೂ ಬೇಕಾಗಿಲ್ಲ. ಊರಿನಲ್ಲಿರುವ ತಾಯಿಗೆ ದೂರವಾಣಿಯಲ್ಲಿ ಅದನ್ನು ಓದಿ ಹೇಳುತ್ತಿದ್ದೀರೆಂದು ಭಾವಿಸಿ, ಬರೆದ ಪದಗಳನ್ನಷ್ಟೇ ಗಟ್ಟಿಯಾಗಿ ಓದಿ. ಚಿತ್ರವನ್ನು ತೋರಿಸುವಂತಿಲ್ಲ. “ಎಲ್ಲಿ?”, “ಎಂದು?”, “ಯಾರು?” ಎಂದು ಅವರು ಮರಳಿ ಕೇಳುವಂತಿದ್ದರೆ ಆ ಉತ್ತರ ಇನ್ನೂ ಚಿತ್ರದಲ್ಲಿಯೇ ಉಳಿದಿದೆ ಎಂದರ್ಥ.

ಈ ಸಮ್ಮೇಳನ ಮುಗಿಯುವ ಹೊತ್ತಿಗೆ ಸಹಸ್ರಾರು ಚಿತ್ರಗಳು ನಮ್ಮ ಗುಂಪುಗಳಿಗೆ ಹರಿದುಬರಲಿವೆ. ಬರಲಾಗದೆ ಮನೆಯಲ್ಲೇ ಉಳಿದ ಹಿರಿಯರು ಫೋನನ್ನು ಕಿವಿಗೆ ಹಿಡಿದು ಕಾದಿರುತ್ತಾರೆ. ವೇದಿಕೆಯ ಮೇಲೆ ಯಾರಿದ್ದರು, ಎಡದಿಂದ ಬಲಕ್ಕೆ, ಎಂದು ಯಾರಾದರೂ ಬರೆದರೆ ಅವರೂ ಸಭೆಯನ್ನು ಕಂಡಂತಾಗುತ್ತದೆ.